ಲೀಗಲ್ ನೋಟಿಸ್‌ಗೆ ಉತ್ತರ: ಕಂಪನಿಯ ಹಕ್ಕುಗಳಿಗೆ ಬಾಧೆ ಬಾರದಂತೆ

ಮಾನ್ಯ ವಕೀಲರೇ,

ನಮ್ಮಲ್ಲಿ ಕೆಲಸ ಮಾಡಿದ್ದ ನಿಮ್ಮ ಕಕ್ಷಿದಾರರ ಪರವಾಗಿ ನೀವು ಜೂನ್ 9ರಂದು ಕಳುಹಿಸಿದ ನೋಟಿಸ್ ನಮಗೆ ತಲುಪಿದೆ. ಬಲವಂತದಿಂದ ರಾಜೀನಾಮೆ ಪಡೆಯಲಾಯಿತು, ಅನುಭವ ಪತ್ರ ತಡವಾಯಿತು ಎಂದು ಅದರಲ್ಲಿ ಆರೋಪಿಸಿ, ಮೂರು ತಿಂಗಳ ವೇತನ ಕೇಳಿದ್ದೀರಿ. ಇಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡ ಸಂಗತಿಗಳನ್ನು ಬಿಟ್ಟು ಅದರಲ್ಲಿನ ಉಳಿದೆಲ್ಲ ಆರೋಪಗಳನ್ನು ಕಂಪನಿ ನಿರಾಕರಿಸುತ್ತದೆ.

ಬಲವಂತದಿಂದ ರಾಜೀನಾಮೆ ಪಡೆಯಲಾಯಿತು ಎಂಬುದು ಸರಿಯಲ್ಲ. ಏಪ್ರಿಲ್ 3ರ ರಾತ್ರಿ 9.40ಕ್ಕೆ ಅವರು ತಮ್ಮದೇ ಇಮೇಲ್‌ನಿಂದ, "ಮನೆಯ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ" ಎಂದು ಬರೆದಿದ್ದಾರೆ. ಒಂದು ವಾರ ಯೋಚಿಸಿ ನೋಡಿ ಎಂದು ಮರುದಿನ ಮ್ಯಾನೇಜರ್ ಕೇಳಿಕೊಂಡದ್ದೂ ಅದರ ಕೆಳಗೇ ಇದೆ, ಪ್ರತಿ ಲಗತ್ತಿಸಿದೆ. 60 ದಿನಗಳ ನೋಟಿಸ್ ಅವಧಿಯಲ್ಲಿ ಅವರು 22 ದಿನ ಮಾತ್ರ ಕೆಲಸಕ್ಕೆ ಬಂದಿದ್ದಾರೆ. ಹೀಗಿರುವಾಗ ಮೂರು ತಿಂಗಳ ವೇತನದ ಬೇಡಿಕೆಗೆ ಆಧಾರವಿಲ್ಲ.

ಅನುಭವ ಪತ್ರ ತಡವಾದದ್ದು ನಿಜ. ಅದು ನಮ್ಮ ಕಡೆಯ ಲೋಪ, ವಿಷಾದಿಸುತ್ತೇವೆ. ನಾಲ್ಕು ವರ್ಷ ಶ್ರದ್ಧೆಯಿಂದ ದುಡಿದವರು ಅವರು. ವಿವಾದದ ನಡುವೆಯೂ ಈ ಮಾತು ಹೇಳಲೇಬೇಕು. ಸಹಿ ಮಾಡಿದ ಪತ್ರ ಇದರೊಂದಿಗಿದೆ. ಉಳಿದ 11 ರಜೆಗಳ ಹಣವನ್ನು 7 ದಿನಗಳೊಳಗೆ ಅವರ ಖಾತೆಗೆ ಜಮಾ ಮಾಡಿ, ಲೆಕ್ಕದ ಹಾಳೆಯನ್ನು ನಿಮಗೂ ಕಳುಹಿಸುತ್ತೇವೆ.

ಮಾತುಕತೆಗೆ ಸಿದ್ಧರಿದ್ದೇವೆ. ಆದರೆ ಈ ಉತ್ತರವಾಗಲಿ, ಪಾವತಿಯಾಗಲಿ ಇದಕ್ಕಿಂತ ಹೆಚ್ಚಿನ ಹೊಣೆಯ ಒಪ್ಪಿಗೆಯಲ್ಲ. ಕಂಪನಿಯ ಎಲ್ಲ ಕಾನೂನುಬದ್ಧ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ.

ಇಂತಿ,
ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗ
ಕಂಪನಿಯ ಪರವಾಗಿ