ಅಂಗಡಿ ಕೆಲಸಕ್ಕೆ ಸಂದರ್ಶನ: ಪ್ರಶ್ನೆಗಳು ಮತ್ತು ಅಂಕಪಟ್ಟಿ

ಗಂಗಾವತಿ, ಕಿರಾಣಿ ಅಂಗಡಿ. ಭಾನುವಾರ ಮಧ್ಯಾಹ್ನ 3 ಗಂಟೆಗೆ. ಬರುವವರು ನಾಲ್ಕು ಜನ, ಬೇಕಾಗಿರುವುದು ಒಬ್ಬರು. ಕೇಳುವವರು ನಾನು, ಮಗಳು, ಲೆಕ್ಕ ನೋಡುವ ಮಾವ.

ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು

ಹೋದ ಸಲ ಮಾತಿನ ಮೋಡಿಗೆ ಬಿದ್ದೆವು. "ನೀವು ಪ್ರಾಮಾಣಿಕರಾ?" ಎಂದು ಕೇಳಿದೆ, ಹೌದು ಎಂದ. ಇಲ್ಲ ಅಂತ ಯಾರು ಹೇಳ್ತಾರೆ? ಈ ಸಲ ಅಂಗಡಿಯಲ್ಲಿ ನಿಜವಾಗಿ ನಡೆಯುವುದನ್ನೇ ಕೇಳುವುದು. ನಾಲ್ವರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಎಲ್ಲರಿಗೂ "ನೀವು" ಎನ್ನಬೇಕು, ಮಾವ ಕೂಡ.

ಜಾತಿ, ಮದುವೆ, ಮಕ್ಕಳ ವಿಚಾರ ಕೇಳುವಂತಿಲ್ಲ. 18 ತುಂಬಿದೆಯೇ ಎಂದು ಮಾತ್ರ ಆಧಾರ್ ಕಾರ್ಡಿನಲ್ಲಿ ನೋಡಿ ವಾಪಸ್ ಕೊಡುವುದು.

ಪ್ರಶ್ನೆಗಳು

1. "ಊರು ಯಾವುದು, ಅಂಗಡಿಗೆ ಹೇಗೆ ಬರುತ್ತೀರಿ? ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಬೇಕು. ಬಸ್ ತಪ್ಪಿದರೆ ಏನು ಮಾಡುತ್ತೀರಿ?" ಮುಂಚೆ ಫೋನ್ ಮಾಡುತ್ತೇನೆ ಎಂದರೆ ಸಾಕು.

2. ಕೈಗೆ ಪೆನ್ನು, ಹಾಳೆ ಕೊಡಿ. "ತೊಗರಿ ಬೇಳೆ ಕೆಜಿಗೆ 140, ಮುಕ್ಕಾಲು ಕೆಜಿ. ಸಕ್ಕರೆ ಕೆಜಿಗೆ 44, ಒಂದೂಕಾಲು ಕೆಜಿ. ಎಣ್ಣೆ ಪಾಕೆಟ್ 145, ಎರಡು. ಎಷ್ಟಾಯಿತು?" ಉತ್ತರ 450. ಹೇಳಿದ ಮೇಲೆ ಸುಮ್ನೆ ಹೀಗನ್ನಿ: "ಒಂದು ಎಣ್ಣೆ ಬೇಡ, ತೆಗೀರಿ. ತಗೊಳ್ಳಿ 500." ವಾಪಸ್ 195. ಕೌಂಟರಿನಲ್ಲಿ ತಪ್ಪುವುದೇ ಈ ಜಾಗದಲ್ಲಿ, ಅಲ್ವಾ? ಮೊದಲು ತಪ್ಪಿ ತಾವಾಗಿಯೇ ತಿದ್ದಿಕೊಂಡರೆ ಅಂಕ ಕಡಿಮೆ ಮಾಡಬೇಡಿ.

3. "ಈ ಡಬ್ಬಿಯಲ್ಲಿ ಅರ್ಧ ಕೆಜಿ ರವೆ ತೂಗಿ ಕೊಡಿ." ಖಾಲಿ ಡಬ್ಬಿ ಇಟ್ಟು ಕಾಟಾ ಸೊನ್ನೆಗೆ ತರುತ್ತಾರಾ ನೋಡಿ. ಆಮೇಲೆ ಬೇರೆ ಬೇರೆ ತಾರೀಖಿನ ಎರಡು ಬಿಸ್ಕತ್ತು ಪಾಕೆಟ್ ಕೊಟ್ಟು, ಯಾವುದನ್ನು ಮುಂದೆ ಜೋಡಿಸುತ್ತೀರಿ ಎಂದು ಕೇಳಿ. ಬೇಗ ಅವಧಿ ಮುಗಿಯುವುದು ಮುಂದೆ.

4. "ಸಂಜೆ ಏಳು, ಅಂಗಡಿ ತುಂಬಾ ಜನ. ಒಬ್ಬ ಅಜ್ಜಿ ಒಡೆದ ರವೆ ಪಾಕೆಟ್ ತಂದು ಹುಳ ಇವೆ ಎಂದು ಕೂಗಾಡುತ್ತಾಳೆ. ಬಿಲ್ ಇಲ್ಲ. ನೀವೇನು ಮಾಡುತ್ತೀರಿ?" ಮಗಳು ಅಜ್ಜಿಯಾಗಲಿ, ನಿಜವಾಗಿ ಕೂಗಲಿ. ಅಜ್ಜಿಗೆ ಕೂರಲು ಹೇಳಿ, ಪಾಕೆಟ್ ನೋಡಿ, ನಮ್ಮನ್ನು ಕರೆದರೆ 5. ಮಾತು ಮೆತ್ತಗಿದ್ದು ದಾರಿ ತೋಚದಿದ್ದರೆ 3. "ನಮ್ಮ ಅಂಗಡೀದಲ್ಲ" ಎಂದು ವಾದಕ್ಕಿಳಿದರೆ 0.

5. "ಒಬ್ಬರು ಮೊಬೈಲ್ ತೋರಿಸಿ ದುಡ್ಡು ಹೋಗಿದೆ ಎಂದರು. ನಮ್ಮ ಸೌಂಡ್ ಬಾಕ್ಸ್ ಮಾತಾಡಲಿಲ್ಲ. ಮಾಲು ಕೊಡುತ್ತೀರಾ?" ಗಿರಾಕಿಯ ಮೊಬೈಲ್ ನೋಡಿ ನಂಬುವಂತಿಲ್ಲ. "ಒಂದು ನಿಮಿಷ ಅಣ್ಣಾರೆ" ಎಂದು ನಮ್ಮ ಫೋನಿನಲ್ಲಿ ಜಮಾ ಆಗಿದೆಯೇ ನೋಡಬೇಕು.

6. "ನಾನಿಲ್ಲ. ಪರಿಚಯದವರೊಬ್ಬರು 800 ರೂಪಾಯಿ ಮಾಲು ಉದ್ರಿ ಕೇಳಿ, ಅಕ್ಕನಿಗೆ ಗೊತ್ತು ಅಂತಾರೆ." ನನಗೆ ಫೋನ್ ಮಾಡಿ, ಒಪ್ಪಿದರೆ ಅವರ ಮುಂದೆಯೇ ಪುಸ್ತಕದಲ್ಲಿ ಬರೆದರೆ 5. ಸಿಟ್ಟಾಗದಂತೆ ಇಲ್ಲ ಎಂದರೂ 5. ಕೊಟ್ಟು ರಾತ್ರಿ ಹೇಳುತ್ತೇನೆ ಎಂದರೆ 2. ಕೊಟ್ಟು ಸುಮ್ಮನಿದ್ದರೆ 0.

7. "ರಾತ್ರಿ ಗಲ್ಲೆಯಲ್ಲಿ 60 ರೂಪಾಯಿ ಕಡಿಮೆ ಬಂತು. ನಿಮ್ಮ ಕೈಯಿಂದಲೇ ಹೋಗಿರಬಹುದು. ಆಗ?" ಈ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. "ನನ್ನ ಜೇಬಿಂದ ಹಾಕ್ತೀನಿ" ಎಂಬ ಉತ್ತರಕ್ಕೆ ಖುಷಿ ಪಡಬೇಡಿ. ಜೇಬಿಂದ ಹಾಕಿ ಮುಚ್ಚಿದರೆ ತಪ್ಪು ಎಲ್ಲಾಯಿತೆಂದು ನಮಗೆ ಗೊತ್ತಾಗುವುದಿಲ್ಲ. ಅದಕ್ಕೆ 3. ಆವತ್ತೇ ಹೇಳುವವರಿಗೆ 5.

ಸಂಬಳ, ವಾರದ ರಜೆ ಕೊನೆಗೆ ನಾವೇ ಹೇಳುವುದು. ಅದಕ್ಕೆ ಅಂಕ ಇಲ್ಲ. ತೆಲುಗು, ಹಿಂದಿ ಬಂದರೆ ಬರೆದಿಟ್ಟುಕೊಳ್ಳಿ. ಕ್ಯಾಂಪ್ ಕಡೆಯ ಗಿರಾಕಿಗಳು ನಮಗೆ ಜಾಸ್ತಿ.

ಅಂಕಪಟ್ಟಿ

ಪ್ರತಿ ವಿಷಯಕ್ಕೆ 0ರಿಂದ 5, ಅದನ್ನು ತೂಕದಿಂದ ಗುಣಿಸಿ. ಶುಕ್ರವಾರ ಮಗಳನ್ನೇ ಕೂರಿಸಿ ಪ್ರಯೋಗ ಮಾಡಿದ್ದನ್ನು ಮಾದರಿಗೆ ಹಾಕಿದ್ದೇನೆ.

| ವಿಷಯ | ಪ್ರಶ್ನೆ | ತೂಕ | ಮಗಳ ಅಂಕ | ಬಂದದ್ದು |
|---|---|---|---|---|
| ದುಡ್ಡಿನ ಶಿಸ್ತು | 5, 6, 7 | 3 | 4 | 12 |
| ಗಿರಾಕಿ ಜೊತೆ ಮಾತು | 4 | 3 | 3 | 9 |
| ಲೆಕ್ಕ | 2 | 2 | 4 | 8 |
| ತೂಕ, ಮಾಲು ಜೋಡಣೆ | 3 | 1 | 2 | 2 |
| ಹೊತ್ತಿಗೆ ಬರುವುದು | 1 | 1 | 5 | 5 |
| ಒಟ್ಟು (50ಕ್ಕೆ) | | | | 36 |

(ಹೊತ್ತಿಗೆ ಬರುವುದರಲ್ಲಿ 5 ಬಂದಿದೆ, ಮನೆ ಇರುವುದೇ ಅಂಗಡಿ ಮೇಲೆ.)

ದುಡ್ಡಿನ ಶಿಸ್ತಿನ ಮೂರು ಪ್ರಶ್ನೆಗಳಲ್ಲಿ ಸರಾಸರಿ ಹಾಕಿ. ಅಲ್ಲಿ 3ಕ್ಕಿಂತ ಕಡಿಮೆ ಬಂದವರನ್ನು ಒಟ್ಟು ಎಷ್ಟೇ ಇದ್ದರೂ ತೆಗೆದುಕೊಳ್ಳುವುದಿಲ್ಲ. ತೂಕ, ಜೋಡಣೆಯನ್ನು ಒಂದು ವಾರದಲ್ಲಿ ಕಲಿಸಬಹುದು, ಅದಕ್ಕೇ ಅದರ ತೂಕ ಕಡಿಮೆ.

ಒಬ್ಬರು ಎದ್ದು ಹೋದ ತಕ್ಷಣ ಮೂವರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ಅಲ್ಲಿಯವರೆಗೆ "ಹುಡುಗ ಚೆನ್ನಾಗಿದ್ದಾನೆ" ಎಂಬ ಮಾತು ಬೇಡ. ಒಂದೇ ವಿಷಯಕ್ಕೆ ಎರಡು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಾತ್ರ ಮಾತಾಡೋಣ. ಮೂವರ ಸರಾಸರಿ 32 ದಾಟಿದವರಲ್ಲಿ ಮೊದಲಿನ ಇಬ್ಬರಿಗೆ ಒಂದೊಂದು ದಿನದ ಕೆಲಸ, ಆ ದಿನದ ಕೂಲಿ ಅಂದೇ ಸಂಜೆ ಕೈಗೆ. ಉಳಿದವರಿಗೆ ಸೋಮವಾರ ನಾನೇ ಫೋನ್ ಮಾಡಿ ಹೇಳುತ್ತೇನೆ.