ಖಾತೆ ಸರಿಯಿದ್ದರೆ ತೆರಿಗೆಯೂ ತಕರಾರೂ ಕಡಿಮೆ

ಮಂಡ್ಯದ ವರ್ತಕ ಬಂಧುಗಳೇ, ನಮಸ್ಕಾರ. ಆದಾಯ ತೆರಿಗೆ ಬೀಳುವುದು ಲಾಭದ ಮೇಲೆ ತಾನೇ? ರಸೀದಿ ಇಲ್ಲದ ಖರ್ಚನ್ನು ಅಧಿಕಾರಿ ಒಪ್ಪದಿದ್ದರೆ ಅದೂ ಲಾಭಕ್ಕೇ ಸೇರುತ್ತದೆ. ರಸೀದಿ ಇದ್ದರೂ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಸಾಮಾನ್ಯವಾಗಿ ಆ ಖರ್ಚು ಲೆಕ್ಕಕ್ಕಿಲ್ಲ. ರೈತರಿಂದ ನೇರವಾಗಿ ಕೊಂಡ ಭತ್ತಕ್ಕೆ ವಿನಾಯಿತಿ ಉಂಟು. ಆದರೆ ಹೆಸರು, ಊರು, ತೂಕ, ದರ ಬರೆದು ಸಹಿ ಹಾಕಿಸಿಕೊಳ್ಳಿ.

ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯ ಕ್ರೆಡಿಟ್ ಸಿಗಲು ಬಿಲ್ ಕೈಲಿದ್ದರೆ ಸಾಲದು, ಮಾರಿದವರು ಸಲ್ಲಿಸಿದ ಲೆಕ್ಕದಿಂದ ಮೂಡುವ GSTR-2B ಪಟ್ಟಿಯಲ್ಲೂ ಅದು ಬಂದಿರಬೇಕು. ತಿಂಗಳು ತಿಂಗಳು ತಾಳೆ ನೋಡಿ. ಬಿಲ್ ಆದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ಸು.

ಉದ್ರಿ ಬಾಕಿ ಪಟ್ಟಿಗೆ ಆಗಾಗ ಗಿರಾಕಿಯ ಸಹಿ ಪಡೆಯಿರಿ. ಪಾಲುದಾರರು ಗಲ್ಲಾದಿಂದ ತೆಗೆದದ್ದು, ಐನೂರೇ ಇರಲಿ, ಅಂದೇ ಅವರವರ ಖಾತೆಗೆ ಏರಬೇಕು. ಅಣ್ಣತಮ್ಮಂದಿರ ಜಗಳ ಹುಟ್ಟುವುದೇ ಅಲ್ಲಿ.