‘ಗೊತ್ತಿರಲಿಲ್ಲ ಮೇಡಂ’: ಕಾನೂನು ಅರಿವು ದಿನದ ಭಾಷಣ

ಪ್ರಾಂಶುಪಾಲರಿಗೆ, ಅಧ್ಯಾಪಕರಿಗೆ, ಬಿಸಿಲಲ್ಲಿ ಕೂತಿರುವ ಹಿಂದಿನ ಸಾಲಿನ ಮಕ್ಕಳಿಗೂ ಸೇರಿಸಿ, ಎಲ್ಲರಿಗೂ ನಮಸ್ಕಾರ.

ನಾನು ತಿಪಟೂರಿನಲ್ಲಿ ವಕೀಲಿ ಮಾಡುತ್ತೇನೆ. ನನ್ನ ಆಫೀಸಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ‘ಗೊತ್ತಿರಲಿಲ್ಲ ಮೇಡಂ’ ಅನ್ನೋದು. ಹೋದ ವರ್ಷ ತೆಂಗಿನ ತೋಟದ ಒಬ್ಬ ರೈತರು ಬಂದಿದ್ದರು. ಬೈಕಿನ ಆರ್‌ಸಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. 16 ವರ್ಷದ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದಿದ್ದ. ‘ಹುಡುಗ ಓಡಿಸಿದರೆ ನನ್ನ ಮೇಲೆ ಯಾಕೆ ಕೇಸು? ಇಂಥ ಕಾನೂನು ಇದೆ ಅಂತ ಯಾರೂ ಹೇಳಲೇ ಇಲ್ಲ’ ಅಂದರು. ಹೇಳುವಾಗ ಕವರನ್ನು ಮಡಚುತ್ತಾ ಬಿಚ್ಚುತ್ತಾ ಇದ್ದರು.

ಆ ಕಾನೂನು ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಕಲಂ ಸೇರಿಸಿದರು. ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ನಾನು ಅವರನ್ನು ಒಂದೇ ಪ್ರಶ್ನೆ ಕೇಳಿದೆ. ‘ನಿಮಗೆ ಏನು ಗೊತ್ತಿರಲಿಲ್ಲ? ಕಾನೂನೋ, ಮಗ ಗಾಡಿ ತಗೊಂಡು ಹೋಗಿದ್ದೋ?’ ಈ ಎರಡಕ್ಕೂ ಅಜಗಜಾಂತರ. ಮಗ ತಮಗೆ ತಿಳಿಯದ ಹಾಗೆ ಬೀಗದ ಕೈ ಎತ್ತಿಕೊಂಡು ಹೋದ ಅಂತ ಸಾಬೀತು ಮಾಡಿದರೆ ಅದೇ ಕಲಂ ತಂದೆಯನ್ನು ಬಿಡುತ್ತದೆ. ‘ಕಾನೂನು ಗೊತ್ತಿರಲಿಲ್ಲ’ ಅಂದರೆ ಬಿಡುವುದಿಲ್ಲ.

ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಿದ್ದೀರಿ. ವಾಪಸ್ ಬಂದು ನಿಮ್ಮದೇ ಅಂದುಕೊಂಡು ಬೇರೆಯವರದ್ದನ್ನು ಮೆಟ್ಟಿಕೊಂಡು ಹೋದಿರಿ. ಅದು ಕಳ್ಳತನ ಅಲ್ಲ. ಅದು ಬೇರೆಯವರದ್ದು ಅಂತ ಗೊತ್ತಿದ್ದೂ ಎತ್ತಿಕೊಂಡು, ‘ಚಪ್ಪಲಿ ತಗೊಂಡರೂ ಅಪರಾಧ ಅಂತ ಗೊತ್ತಿರಲಿಲ್ಲ’ ಅಂದರೆ ಯಾರಾದರೂ ಒಪ್ಪುತ್ತಾರಾ? ಭಾರತೀಯ ನ್ಯಾಯ ಸಂಹಿತೆಯ 14 ಮತ್ತು 17ನೇ ಕಲಂಗಳು ಇದನ್ನೇ ಹೇಳುತ್ತವೆ. ಸಂಗತಿ ತಪ್ಪು ತಿಳಿದು ಮಾಡಿದ್ದಕ್ಕೆ ರಕ್ಷಣೆ ಉಂಟು, ಕಾನೂನನ್ನು ತಪ್ಪು ತಿಳಿದು ಮಾಡಿದ್ದಕ್ಕೆ ಇಲ್ಲ.

ಇದು ಕಠಿಣ ಅನ್ನಿಸುತ್ತದೆ, ಅಲ್ವಾ? ನನಗೂ ಓದುವಾಗ ಹಾಗೇ ಅನ್ನಿಸಿತ್ತು. ಮೇಯರ್ ಹ್ಯಾನ್ಸ್ ಜಾರ್ಜ್ ಎಂಬ ಹೆಸರಿನ ವಿದೇಶಿ ಪ್ರಯಾಣಿಕನ ಕೇಸನ್ನೇ ನೋಡಿ. 1962ರ ನವೆಂಬರ್‌ನಲ್ಲಿ ಆತ ಜ್ಯೂರಿಕ್‌ನಿಂದ ಮನಿಲಾಗೆ ವಿಮಾನದಲ್ಲಿ ಹೊರಟಿದ್ದ. ಹಾಕಿಕೊಂಡಿದ್ದ ಜಾಕೆಟ್ ಒಳಗೆ 34 ಕಿಲೋ ಚಿನ್ನ. ವಿಮಾನ ಮುಂಬೈನಲ್ಲಿ ನಿಂತಾಗ ಆತ ಇಳಿಯಲೂ ಇಲ್ಲ, ಸೀಟಿನಲ್ಲೇ ಕೂತಿದ್ದ. ಹೀಗೆ ಹಾದುಹೋಗುವ ಚಿನ್ನವನ್ನೂ ವಿಮಾನದ ಸರಕು ಪಟ್ಟಿಯಲ್ಲಿ ತೋರಿಸಬೇಕು ಅನ್ನುವ ಹೊಸ ನಿಯಮ ನಮ್ಮ ಗೆಜೆಟ್‌ನಲ್ಲಿ ಬಂದು ಕೆಲವೇ ದಿನ ಆಗಿತ್ತು. ಜ್ಯೂರಿಕ್‌ನವನಿಗೆ ದಿಲ್ಲಿಯ ಗೆಜೆಟ್ ಹೇಗೆ ಗೊತ್ತಾಗಬೇಕು? ಬಾಂಬೆ ಹೈಕೋರ್ಟ್ ಬಿಟ್ಟುಬಿಟ್ಟಿತು. ಸುಪ್ರೀಂ ಕೋರ್ಟ್ ಬಿಡಲಿಲ್ಲ. ಇಲ್ಲಿ ಪ್ರಕಟವಾದರೆ ಸಾಕು ಅಂದಿತು. ಆದರೆ ಅಷ್ಟರಲ್ಲಿ ಅವನು ಕಳೆದಿದ್ದ ಜೈಲುವಾಸವೇ ಶಿಕ್ಷೆಗೆ ಸಾಕು ಅಂತಲೂ ಹೇಳಿತು. ಗೊತ್ತಿಲ್ಲದಿರುವಿಕೆ ಶಿಕ್ಷೆ ಕಡಿಮೆ ಮಾಡಿಸಬಹುದು, ತಪ್ಪನ್ನು ಅಳಿಸುವುದಿಲ್ಲ.

ಯಾಕೆ ಇಷ್ಟು ಬಿಗಿ? ಇರುವ ಕಾನೂನೆಲ್ಲ ಎಲ್ಲರಿಗೂ ಗೊತ್ತು ಅಂತ ಅಲ್ಲ. ನನಗೇ ಗೊತ್ತಿಲ್ಲ, ಜಡ್ಜ್‌ಗಳಿಗೂ ಗೊತ್ತಿರುವುದಿಲ್ಲ. ಆದರೆ ‘ಗೊತ್ತಿರಲಿಲ್ಲ’ ಅಂದವರನ್ನೆಲ್ಲ ಬಿಟ್ಟರೆ ತಿಳಿದುಕೊಂಡವನೇ ದಡ್ಡ ಆಗುತ್ತಾನೆ. ಕೂಲಿಗೆ ಸರಿಯಾದ ಸಂಬಳ ಕೊಡದ ಮಾಲೀಕ, ‘ಕನಿಷ್ಠ ವೇತನದ ಕಾನೂನು ಓದಿಲ್ಲ’ ಅಂದು ಮನೆಗೆ ಹೋಗುತ್ತಾನೆ. ಮನಸ್ಸಿನೊಳಗೆ ಏನು ಗೊತ್ತಿತ್ತು ಅಂತ ಹೊರಗಿನಿಂದ ನೋಡುವುದು ಯಾರಿಗೂ ಆಗದು. ನಷ್ಟ ಆಗುವುದು ಬಡವನಿಗೇ.

ಹಾಗಂತ ಈ ಹೊರೆ ನಮ್ಮೊಬ್ಬರ ಮೇಲೇ ಅಲ್ಲ, ಇದನ್ನು ನೀವು ಮರೆಯಬಾರದು. ಜೈಪುರ ಸಂಸ್ಥಾನದಲ್ಲಿ 1923ರಲ್ಲಿ ಅಫೀಮಿನ ಬಗ್ಗೆ ಒಂದು ಕಾನೂನು ಮಾಡಿದ್ದರು. ಎಲ್ಲೂ ಪ್ರಕಟಿಸಲೇ ಇಲ್ಲ. ಅದರ ಕೆಳಗೆ ಹರ್ಲಾ ಎಂಬಾತನಿಗೆ 50 ರೂಪಾಯಿ ದಂಡ ಬಿತ್ತು. ಆತ ಸುಪ್ರೀಂ ಕೋರ್ಟ್‌ವರೆಗೆ ಹೋದ. 1951ರಲ್ಲಿ ಕೋರ್ಟ್ ಅವನನ್ನು ಬಿಟ್ಟಿತು. ಜನರಿಗೆ ಗೊತ್ತಾಗುವ ದಾರಿಯನ್ನೇ ಮಾಡದೆ ಶಿಕ್ಷೆ ಕೊಡುವುದು ಅನ್ಯಾಯ ಅಂದಿತು. ನೀವು ತಿಳಿದುಕೊಳ್ಳಬೇಕು, ಸರ್ಕಾರ ತಿಳಿಸಬೇಕು. ನಾನು ಇವತ್ತು ಇಲ್ಲಿ ನಿಂತಿರುವುದೂ ಅದಕ್ಕೇ.

ನಿಮ್ಮ ವಯಸ್ಸಿನವರಿಗೆ ಈಗ ಜಾಸ್ತಿ ಅಪಾಯ ಇರುವುದು ಬ್ಯಾಂಕ್ ಖಾತೆಯಲ್ಲಿ. ‘ನಿನ್ನ ಖಾತೆ ಒಂದು ತಿಂಗಳು ಕೊಡು, 5,000 ಕೊಡ್ತೀನಿ’ ಅಂತ ಯಾರಾದರೂ ಕೇಳಿದರೆ ಎಟಿಎಂ ಕಾರ್ಡ್, ಸಿಮ್ ಕೊಡಬೇಡಿ. ವಂಚನೆಯ ದುಡ್ಡು ಅದರಲ್ಲಿ ಹಾದುಹೋದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಈಗಾಗಲೇ ಕೊಟ್ಟಿದ್ದರೆ ಹೆದರಿ ಮುಚ್ಚಿಡಬೇಡಿ. ಇವತ್ತೇ ಬ್ಯಾಂಕಿಗೆ ಹೇಳಿ, ಮನೆಯಲ್ಲೂ ಹೇಳಿ.

ಸಂದೇಹ ಬಂದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ.

ನಾನು 2 ಗಂಟೆವರೆಗೆ ಲೈಬ್ರರಿ ಪಕ್ಕದ ಕೊಠಡಿಯಲ್ಲಿ ಇರುತ್ತೇನೆ. ಮನೆಯಲ್ಲಿ ಯಾವುದಾದರೂ ನೋಟಿಸ್ ಬಂದು ಅರ್ಥ ಆಗದೆ ಇದ್ದರೆ ಅದರ ಫೋಟೋ ತರಿಸಿಕೊಂಡು ಬನ್ನಿ. ಕೂತು ಓದೋಣ.